ಇನ್ನೂರೈವತ್ತು ಪದಗಳೊಳಗೆ

ಗುರಲಿಂಗಪ್ಪ ಸರ್ ಬರೆದ ಸಾರಾಂಶ ಎಂದರೆ ಹನುಮಂತನ ಬಾಲ. ಈ ಸಲ ಮುನ್ನೂರ ನಲವತ್ತೊಂದು ಪದ. ಮೂಳೆ ಡಾಕ್ಟರುಗಳ ಸಮ್ಮೇಳನದವರ ಮಿತಿ ಇನ್ನೂರೈವತ್ತು. ಅದರ ಮೇಲೆ ಒಂದೇ ಒಂದು ಪದ ಹೆಚ್ಚಾದರೂ ಅವರ ವೆಬ್‌ಸೈಟ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಂಜೆ ಐದಕ್ಕೆ ಗಡುವು, ಮತ್ತು ಕತ್ತರಿ ಹಿಡಿದವಳು ನಾನು.

ನಾನು ಪ್ರಫುಲ್ಲಾ. ಭಾಂಡುಪಿನ ಒಂದು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಸಂಶೋಧನಾ ಸಹಾಯಕಿ, ಗುರಲಿಂಗಪ್ಪ ಸರ್ ಅಲ್ಲಿನ ಡಾಕ್ಟರು. ಡಾಕ್ಟರುಗಳಿಗೆ ಆಪರೇಷನ್ ಮಾಡಿ ಗೊತ್ತು, ವಾಕ್ಯ ಮುಗಿಸಿ ಗೊತ್ತಿಲ್ಲ. ಅವರು ಬರೆದದ್ದನ್ನು ಕೇರಿ, ಹೊಟ್ಟು ಹಾರಿಸಿ, ಕಾಳು ಉಳಿಸುವುದು ನನ್ನ ಕೆಲಸ. ಏನು ಮಾಡಿದರು, ಏನು ಸಿಕ್ಕಿತು, ಅದರಿಂದ ಏನು ತಿಳಿಯಿತು, ಈ ಮೂರು ಕಾಳು ಕೈಬಿಡಬಾರದು.

ಅಧ್ಯಯನ ಸರ್ ಅವರದೇ. ಒಮ್ಮೆ ಜಾರಿ ಬಿದ್ದ ಅರವತ್ತೈದು ದಾಟಿದವರು ಮತ್ತೆ ಬೀಳದಿರಲು ಸಮತೋಲನದ ವ್ಯಾಯಾಮ ಮಾಡಬೇಕು. ಅದನ್ನು ಆಸ್ಪತ್ರೆಯ ವ್ಯಾಯಾಮ ಕೋಣೆಗೆ ಬಂದು ಮಾಡಿದರೆ ಮೇಲೋ, ಫೋನಿನಲ್ಲಿ ಕೇಳಿಕೊಂಡು ಮನೆಯಲ್ಲಿ ಮಾಡಿದರೆ ಮೇಲೋ ಎಂಬುದು ಪ್ರಶ್ನೆ. ನೂರ ಇಪ್ಪತ್ತನಾಲ್ಕು ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಆರು ತಿಂಗಳು ನೋಡಿದ್ದರು. ಮನೆಯಲ್ಲಿ ಮಾಡಿದವರೇ ಕಡಿಮೆ ಬಿದ್ದರು ಎಂದು ಉತ್ತರ ಬಂದಿತ್ತು.

ಸರ್ ಎಷ್ಟು ಹಿಗ್ಗಿದ್ದರೆಂದರೆ ಪ್ರಕಟವಾಗುವವರೆಗೂ ಕಾಯಲಿಲ್ಲ. ಈ ತಿಂಗಳ ಕೊನೆಗೆ ವ್ಯಾಯಾಮ ಕೋಣೆ ಮುಚ್ಚಿ ಜಾಗವನ್ನು ಔಷಧಿ ದಾಸ್ತಾನಿಗೆ ಬಿಟ್ಟುಕೊಡಲು ಒಪ್ಪಿದ್ದರು. ಆ ಕೋಣೆಗೆ ತಪ್ಪದೆ ಬರುತ್ತಿದ್ದ ತಮ್ಮ ತಾಯಿ ಬಸಲಿಂಗವ್ವನನ್ನೂ ಹೋದ ವಾರವೇ ಬಿಡಿಸಿದ್ದರು. "ಅವ್ವ ಈಗ ಮನ್ಯಾಗ ಕುರ್ಚಿ ಹಿಡದು ಒಂಟಿ ಕಾಲ ಮ್ಯಾಲ ನಿಂದರ್ತಾಳ್ರಿ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ನನಗೂ ಎರಡು ಸಲ ಹೇಳಿದ್ದರು.

ಮೊದಲು ಪೀಠಿಕೆಗೆ ಕತ್ತರಿ ಹಾಕಿದೆ. ವಯಸ್ಸಾದವರು ಬೀಳುವುದು ಜಗತ್ತಿನ ದೊಡ್ಡ ಸಮಸ್ಯೆ ಎಂದು ಸಮ್ಮೇಳನಕ್ಕೆ ಬರುವ ಮೂಳೆ ಡಾಕ್ಟರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕು ವಾಕ್ಯ ಒಂದಾಯಿತು. "ಎಂಬುದು ನಮ್ಮ ಗಮನಕ್ಕೆ ಬಂದಿತು" ಎಂಬಂಥ ಬಾಲಗಳೆಲ್ಲ ಹೋದವು. ಲೆಕ್ಕ ಹಾಕಿದ ಸಾಫ್ಟ್‌ವೇರಿನ ಹೆಸರೂ ಹೋಯಿತು.

ಓಪಿಡಿಯಲ್ಲಿ ರೋಗಿಗಳನ್ನು ನೋಡಿ ಬಂದ ಸರ್ ಹಿಂದೆ ನಿಂತು ಇಣುಕಿದರು. "ಚೀಟಿ ಎತ್ತಿದ್ದು, ನಡುವ ಬಿಟ್ಟು ಹೋದವ್ರು, ಅವನ್ನೆಲ್ಲಾ ತಗದ್ರ ಹಗುರ ಆಗ್ತದಲ್ರಿ?"

"ಅದನ್ನ ತಗದ್ರ ಅಧ್ಯಯನಾನ ಉಳ್ಯೂದಿಲ್ಲ ಸರ್. ನಿಮ್ಮ 'ಗಣನೀಯವಾಗಿ' ತಗೀತೀನಿ, ನಾಕು ಕಡೆ ಅದ."

ಅವರು ನಕ್ಕು ಪಕ್ಕದ ಕುರ್ಚಿಯಲ್ಲಿ ಕೂತರು.

ಇನ್ನೂ ಇಪ್ಪತ್ತು ಪದ ಹೆಚ್ಚಿತ್ತು. ಸರ್ ವಿಧಾನದಲ್ಲಿ ಒಂದನೆಯ ಗುಂಪು ಮನೆ, ಎರಡನೆಯದು ಕೋಣೆ ಎಂದು ಉದ್ದಕ್ಕೆ ವಿವರಿಸಿ, ಫಲಿತಾಂಶದಲ್ಲಿ ಒಂದು, ಎರಡು ಎಂದೇ ಬರೆದಿದ್ದರು. ಓದುವವನು ಪ್ರತಿ ಸಲ ಮೇಲೆ ಹೋಗಿ ಯಾವುದು ಯಾವುದೆಂದು ನೋಡಿ ಬರಬೇಕು. ಎಷ್ಟು ಮಂದಿಯಲ್ಲಿ ಎಷ್ಟು ಮಂದಿ ಎಂಬ ಅಂಕಿಯೂ ಇರಲಿಲ್ಲ. ನಾನು ಗುಂಪಿನ ನಂಬರುಗಳನ್ನೇ ಕಿತ್ತುಹಾಕಿ ಮನೆ, ಕೋಣೆ ಎಂಬ ಹೆಸರು ಹಾಕಿದೆ. ವಿಶೇಷಣಗಳ ಜಾಗಕ್ಕೆ ಅಮೋಲನ ಕೋಷ್ಟಕದಿಂದ ಅಂಕಿ ತಂದೆ. ಅಮೋಲ್ ವಿಕ್ರೋಳಿಯಲ್ಲಿ ಕೂತು ನಮ್ಮ ಲೆಕ್ಕ ಮಾಡಿಕೊಡುವ ಸಂಖ್ಯಾಶಾಸ್ತ್ರಜ್ಞ. ಅವನ ಕೋಷ್ಟಕದಲ್ಲೂ ಬರೀ ಒಂದು, ಎರಡು. ಲೆಕ್ಕ ಮಾಡುವವನು ಯಾರ ಕಡೆಗೂ ವಾಲಬಾರದೆಂದು ಅವನಿಗೆ ಹೆಸರು ಹೇಳಿರಲಿಲ್ಲ.

ಎರಡು ಉದ್ದದ ವಾಕ್ಯಗಳು ಒಂದು ಗಿಡ್ಡ ವಾಕ್ಯವಾದವು. ಒಟ್ಟು ಇನ್ನೂರ ನಲವತ್ತೊಂಬತ್ತು. ನನಗೆ ನನ್ನ ಮೇಲೇ ಮೆಚ್ಚುಗೆಯಾಯಿತು.

ಕಳಿಸುವ ಮುಂಚೆ ಅಧ್ಯಯನದಲ್ಲಿ ಕೈಯಾಡಿಸಿದ ಒಬ್ಬರಿಗೆ ಗಟ್ಟಿಯಾಗಿ ಓದಿ ಕೇಳಿಸುವುದು ನನ್ನ ಪದ್ಧತಿ. ಪಕ್ಕದ ವ್ಯಾಯಾಮ ಕೋಣೆಯಿಂದ ಫಿಸಿಯೋಥೆರಪಿಸ್ಟ್ ಶರಣುವನ್ನು ಕರೆದೆ. ಬೆಳಗಾವಿ ಕಡೆಯವನು, ಎರಡೂ ಗುಂಪನ್ನು ನೋಡಿಕೊಂಡವನು ಅವನೇ. ವಿಧಾನ ಕೇಳಿ ತಲೆಯಾಡಿಸಿದ. ಫಲಿತಾಂಶ ಓದಿದೆ: "ಮನೆಯಲ್ಲಿ ಮಾಡಿದ ಐವತ್ತೆಂಟು ಮಂದಿಯಲ್ಲಿ ಒಂಬತ್ತು ಜನ ಬಿದ್ದರು, ಕೋಣೆಗೆ ಬಂದ ಅರವತ್ತೊಂದು ಮಂದಿಯಲ್ಲಿ ಇಪ್ಪತ್ತೊಂದು ಜನ."

ಅವನ ತಲೆಯಾಟ ನಿಂತಿತು.

"ಅಕ್ಕಾರ, ಇನ್ನೊಮ್ಮೆ ಓದ್ರಿ."

ಓದಿದೆ.

"ಐವತ್ತೆಂಟು ನನ್ನ ಕ್ವಾಣ್ಯಾಗಿನವ್ರು. ನಾಕು ಮಂದಿ ರಿಕ್ಷಾದಾಗ ಬರಾಕ ಆಗೂದಿಲ್ಲಂತ ಬಿಟ್ರು. ಮನಿಯವ್ರೊಳಗ ಒಬ್ಬಾಕಿನ ಬಿಟ್ಟಾಕಿ, ಉಳದವ್ರು ಅರವತ್ತೊಂದು. ವಾರಾ ವಾರಾ ಫೋನ್ ಮಾಡೀನ್ರಿ, ಮರೀತೀನೇನು?"

ಅಮೋಲನ ಕೋಷ್ಟಕ ತೆರೆದು ನೋಡಿದೆ, ಐವತ್ತೆಂಟು ಇದ್ದದ್ದು ಒಂದನೆಯ ಗುಂಪಿನ ಎದುರು. "ಹಂಗಾದ್ರ ಒಂದನೇ ಗುಂಪು ಯಾವ್ದು ಶರಣು?"

"ಕ್ವಾಣಿ. ಮೊದ್ಲಿಂದ ಇದ್ದದ್ದು ಕ್ವಾಣಿನ ಅಲ್ರಿ, ಅದಕ್ಕ ಅಮೋಲ್ ಅವ್ರಿಗೆ ಒಂದು ಅಂತ ಬರದು ಕೊಟ್ಟೆ."

ಸರ್ ಮುಖ ನೋಡಿದೆ. "ಹೊಸಾದು ಮನಿ ವ್ಯಾಯಾಮ ಅಲ್ಲೇನ್ರಿ" ಎಂದರು ನಿಧಾನವಾಗಿ. "ಯಾವಾಗ್ಲೂ ಹೊಸಾದಕ್ಕನ ಒಂದು ಅಂತೀವಿ. ನಾ ಹಂಗ ತಿಳ್ಕೊಂಡೆ."

ನಾನು ಅಮೋಲನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಒಂದನೆಯ ಗುಂಪಿನಲ್ಲಿ ಎಷ್ಟು ಜನ ನಡುವೆ ಬಿಟ್ಟರೆಂದು ಕೇಳಿದೆ.

"ಚಾರ್, ಮೇಡಂ. ದೂಸ್ರೇ ಮೇ ಏಕ್. ಕ್ಯಾ ಹುವಾ?"

ಒಂದರಲ್ಲಿ ನಾಲ್ಕು, ಎರಡರಲ್ಲಿ ಒಂದು, ಶರಣು ಹೇಳಿದ ಹಾಗೇ. ಫೋನ್ ಇಟ್ಟೆ. ಕೋಣೆಗೆ ಬಂದವರೇ ಕಡಿಮೆ ಬಿದ್ದವರು. ಮನೆಯಲ್ಲಿ ಮಾಡಿದವರು ಅವರ ಎರಡರಷ್ಟಕ್ಕೂ ಹೆಚ್ಚು ಬಿದ್ದಿದ್ದರು. ಮುನ್ನೂರ ನಲವತ್ತೊಂದು ಪದಗಳ ಕಾಡಿನಲ್ಲಿ ಈ ತಪ್ಪು ಎರಡು ತಿಂಗಳು ಆರಾಮಾಗಿ ಓಡಾಡಿಕೊಂಡಿತ್ತು. ನಾವು ಮುಚ್ಚಲು ಹೊರಟದ್ದು ಜನರನ್ನು ಕಾಯುತ್ತಿದ್ದ ಕೋಣೆಯನ್ನು. ನನಗೆ ಸಿಟ್ಟು ಬಂತು, ಆದರೆ ಸರ್ ಕೈ ನೋಡಿ ಅದನ್ನು ನುಂಗಿಕೊಂಡೆ. ಅವರು ಆಗಲೇ ಮೊಬೈಲಿನಲ್ಲಿ ಮನೆಯ ನಂಬರ್ ಒತ್ತುತ್ತಿದ್ದರು.

"ಅವ್ವ ಒಬ್ಬಾಕಿನ ಅದಾಳ್ರಿ ಮನ್ಯಾಗ" ಎಂದರು.

ಫೋನ್ ರಿಂಗಾಗುತ್ತಲೇ ಇತ್ತು. ಎತ್ತಲಿಲ್ಲ. ಮತ್ತೆ ಹಚ್ಚಿದರು.

"ಸರ್, ಐದಕ್ಕ ವೆಬ್‌ಸೈಟ್ ಮುಚ್ತದ. ಕಳಸೂದು ಬ್ಯಾಡಂದ್ರ ಬಿಟ್ಟುಬಿಡ್ತೀನಿ" ಎಂದೆ.

"ಖರೇ ಏನದ ಅದನ್ನ ಹಾಕ್ರಿ" ಎಂದರು ಕಿವಿಯಿಂದ ಫೋನ್ ತೆಗೆಯದೆ. "ಕ್ವಾಣಿ ಮುಚ್ಚಬ್ಯಾಡ್ರಂತ ಆಫೀಸಿಗೆ ಈಗ ನಾನ ಹೋಗಿ ಹೇಳ್ತೀನಿ. ಮೊದ್ಲ ಇಕಿ ಎತ್ತಲಿ."

ಮನೆ ಇದ್ದಲ್ಲಿ ಕೋಣೆ ಬರೆದೆ, ಕೋಣೆ ಇದ್ದಲ್ಲಿ ಮನೆ. ತೀರ್ಮಾನದಲ್ಲೂ ಹಾಗೇ ಅದಲುಬದಲು ಮಾಡಿದೆ. ಪರದೆಯ ಕೆಳಗಿನ ಪದಗಳ ಎಣಿಕೆ ಅಲುಗಲಿಲ್ಲ. ಮೊದಲಿನಷ್ಟೇ, ಇನ್ನೂರ ನಲವತ್ತೊಂಬತ್ತು. ಸುಳ್ಳಿಗೆ ಎಷ್ಟು ಪದ ಬೇಕಿತ್ತೋ ಸತ್ಯಕ್ಕೂ ಅಷ್ಟೇ ಸಾಕಾಯಿತು. ಶರಣು ಕೇಳುವಂತೆ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿ ಕಳಿಸಿದೆ.

ಸರ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಿದ್ದರು. ಎಷ್ಟನೆಯ ಸಲವೋ ಫೋನ್ ರಿಂಗಾಗಿ, ಕೊನೆಗೆ ಎತ್ತಿದ ಸದ್ದಾಯಿತು. ಬಸಲಿಂಗವ್ವನ ದನಿ ನಮಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು.

"ಏನಪಾ ಇಷ್ಟೊತ್ತ ಬಡಕೊಳ್ಳಾಕತ್ತಿ? ಒಂಟಿ ಕಾಲ ಮ್ಯಾಲ ನಿಂತಿದ್ನಿ. ಈಗೀಗ ಕುರ್ಚಿ ಬಿಟ್ಟ ನಿಂದರ್ತೀನಿ. ಈಗೂ ನಿಂತೀನಿ."

"ಅವ್ವಾ" ಎಂದರು ಸರ್. "ಕಾಲು ಇಳಿಸು. ಮೊದ್ಲ ಕುಂದರು."