ಬಿರಿಯಾನಿಗೆ ಒಂದು ಚಂಬು ನೀರು

ಮಾಂಸವಿಲ್ಲದ ಬಿರಿಯಾನಿ ಮಾಡಬೇಕೆಂದು ಕಮಲಾಪುರದಿಂದ ಆಳು ಬಂದಾಗ ಬುರ್ಹಾನುದ್ದೀನ್ ಗಾಜಿಪುರದ ತನ್ನ ಮನೆ ಕಟ್ಟೆಯ ಮೇಲೆ ಕೂತು ಹಲ್ಲು ಉಜ್ಜುತ್ತಿದ್ದ. ಕೇಳಿದ ಕೂಡಲೇ ಬಾಯಲ್ಲಿದ್ದುದನ್ನೆಲ್ಲ ಉಗುಳಿದ.

"ಗೋಶ್ತ್ ಇಲ್ಲದ ಬಿರಿಯಾನಿ ಅಂದ್ರ ಮದುಮಗ ಇಲ್ಲದ ನಿಕಾಹ್ ಇದ್ದಂಗ" ಎಂದ.

"ಆ ಮದುಮಗನ ಮುಖಾ ನೋಡಿ ಎರಡು ವರ್ಷ ಆತು" ಅಂದಳು ಒಳಗಿನಿಂದ ಹೆಂಡತಿ ನಜ್ಮಾ. "ಹೋಗಿ ಬರ್ರಿ."

ಅವಳ ಮಾತು ನಿಜ. ಇಪ್ಪತ್ತು ವರ್ಷ ಅವನು ಅಡಿಗೆ ಮಾಡಿದ್ದು ಒಬ್ಬ ಜಾಗೀರದಾರರ ದೇವಡಿಯಲ್ಲಿ, ಅಂದರೆ ಅವರ ದೊಡ್ಡ ವಾಡೆಯಲ್ಲಿ. ದಿಲ್ಲಿಯ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು, ಜಾಗೀರು ಹೋಯಿತು, ಜಾಗೀರದಾರರೂ ಹೋದರು. ದೇವಡಿಯ ಒಲೆಯಲ್ಲಿ ಈಗ ಬೆಕ್ಕು ಮರಿ ಹಾಕಿತ್ತು. ಅದಾದಮೇಲೆ ಬುರ್ಹಾನುದ್ದೀನ್ ಊರು ದಾಟಿರಲಿಲ್ಲ. ಹಳ್ಳಿಗಳ ಕಡೆ ತನ್ನವರಿಗೆ ಏನೇನಾಯಿತೆಂದು ಕೇಳಿದ್ದ. ಕೇಳಿದ್ದನ್ನು ನಜ್ಮಾಗೂ ಹೇಳಿರಲಿಲ್ಲ. ಕಮಲಾಪುರದ ಮೋಟಾರಿನಲ್ಲಿ ಕೂತಾಗ ಟೊಪ್ಪಿಗೆ ತೆಗೆದು ಜೇಬಿಗಿಟ್ಟ, ಮತ್ತೆ ನಾಚಿಕೆಯಾಗಿ ಹಾಕಿಕೊಂಡ.

ಕರೆಸಿದವರು ಮಾಣಿಕಪ್ಪ ಗೌಡರು. ನಿಜಾಮರ ಕಾಲದಲ್ಲಿ ಶೇರ್ವಾನಿ ತೊಟ್ಟು ಜಾಗೀರದಾರರ ಎದುರು ನೆಲದ ತನಕ ಬಾಗಿ ಸಲಾಮು ಹೊಡೆದವರು. ಈಗ ಖಾದಿ ತೊಟ್ಟಿದ್ದರು, ಬೆನ್ನು ಮಾತ್ರ ಹಳೆಯದೇ. ಅಷ್ಟೇ ಸಲೀಸಾಗಿ ಬಾಗುತ್ತಿತ್ತು. ತಾಲೂಕಿಗೆ ಮಂಗಳೂರು ಕಡೆಯ ಹೊಸ ಸಾಹೇಬರು ಬಂದಿದ್ದರು. ಶುದ್ಧ ಸಸ್ಯಾಹಾರಿ. ಆದರೆ ಹೈದರಾಬಾದ್ ಸೀಮೆಗೆ ಬಂದು ಬಿರಿಯಾನಿ ತಿನ್ನದೆ ಹೋದರೆ ಹೇಗೆ ಅಂತ ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟಿದ್ದರು. ಗೌಡರಿಗೆ ಅಷ್ಟೇ ಸಾಕಾಯಿತು.

ಒಂದೇ ತೊಡಕು. ಸಾಹೇಬರು ಮಡಿವಂತರು. ಬುರ್ಹಾನುದ್ದೀನ್ ಪಾತ್ರೆ ಮುಟ್ಟುವಂತಿಲ್ಲ. ಹಿತ್ತಲಲ್ಲಿ ಎದೆಮಟ್ಟದ ಗೋಡೆಯ ಆಚೆ ಬೇವಿನ ಮರದಡಿ ಅವನು ಕೂರಬೇಕು. ಈಚೆ ಗೌಡರ ಅಕ್ಕ ಚಂದಮ್ಮ ಅವನು ಹೇಳಿದಂತೆ ಮಾಡಬೇಕು. ಚಂದಮ್ಮ ಗಂಡ ಸತ್ತಮೇಲೆ ತಮ್ಮನ ಮನೆಯ ಅಡಿಗೆಮನೆಯನ್ನು ಆಳುತ್ತಿದ್ದಾಕೆ. ಯಾರ ಮಾತೂ ಕೇಳಿ ರೂಢಿಯಿರಲಿಲ್ಲ.

"ಅನ್ನಾ ಮಾಡಾಕ ನನಗ ಗಂಡಸು ಕಲಿಸ್ತಾನೇನು?" ಎಂದಳು ಗೋಡೆಗೆ ಕೇಳುವಂತೆ.

"ಅನ್ನ ಅಲ್ರೀ ಅಕ್ಕಾರ, ಬಿರಿಯಾನಿ. ಅಕ್ಕಿ ಹಳೇದೋ ಹೊಸದೋ?"

"ರೇಷನ್ ಕಾಲದಾಗ ಸಿಕ್ಕಿದ್ದ ಪುಣ್ಯ. ವರ್ಷದ್ದು ಐತಿ. ಇದು ಕೆಟ್ಟರ ಮತ್ತ ಇಲ್ಲ."

"ವರ್ಷದ್ದಾದ್ರ ಛಲೋ. ತೊಳದು ಅರ್ಧ ತಾಸು ನೆನೆ ಹಾಕ್ರಿ. ಕೈಲೆ ತಿಕ್ಕಬ್ಯಾಡ್ರಿ, ಕಾಳು ಮುರೀತದ."

ಮುಂದೆ ಗೋಡೆಯ ಮೇಲಿಂದ ಮಾತಷ್ಟೇ ದಾಟುತ್ತಿತ್ತು. ಉಳ್ಳಾಗಡ್ಡಿ ಕೆಂಪಾಗುವ ತನಕ ಕರಿಯಬೇಕು, ಕರಿ ಆದರೆ ಕಹಿ. ಬಟಾಟೆಯನ್ನು ಮೊದಲು ಅರ್ಧ ಬೇಯಿಸಿಕೊಳ್ಳಬೇಕು, ಗಜ್ಜರಿ, ಹುರುಳಿಕಾಯಿ ಆಮೇಲೆ. ಮೊಸರು, ಹಸಿ ಮೆಣಸಿನಕಾಯಿ, ಮಸಾಲೆ ಪುಡಿ ಎಲ್ಲ ಕಾಯಿಪಲ್ಲೆಗೇ ಹತ್ತಬೇಕು. ಎಣ್ಣೆ ಬಿಡುವ ತನಕ ಬಾಡಿಸಿ ಗಟ್ಟಿ ಮಾಡಬೇಕು.

"ಸಾರಿನಂಗ ತೆಳ್ಳಗ ಇದ್ರ ಮ್ಯಾಲಿನ ಅಕ್ಕಿ ಮುದ್ದಿ ಆಗತದ."

ಅಗಲ ಹಂಡೆಯಲ್ಲಿ ಧಾರಾಳ ನೀರು ಕುದಿಸಿ, ಲವಂಗ ಯಾಲಕ್ಕಿ ಹಾಕಿ, ನೀರು ನಾಲಿಗೆಗೆ ಚುರ್ ಅನ್ನುವಷ್ಟು ಉಪ್ಪು ಹಾಕಿಸಿದ. ಅಕ್ಕಿ ಬಿದ್ದಮೇಲೆ ಅವನಿಗೆ ಕೂರಲಾಗಲಿಲ್ಲ. ಗೋಡೆಯ ಮೇಲಿಂದ ಕೈಚಾಚಿದ.

"ಒಂದು ಕಾಳು ಒಗೀರಿ."

ಚಂದಮ್ಮ ಸೌಟಿನ ತುದಿಯಿಂದ ಚಿಮ್ಮಿಸಿದಳು. ಮೊದಲನೆಯದು ಅವನ ಗಡ್ಡದಲ್ಲಿ ಸಿಕ್ಕಿತು. ಎರಡನೆಯದನ್ನು ಬೆರಳಲ್ಲಿ ಒತ್ತಿದ. ಇನ್ನೂ ಗಟ್ಟಿ. ನಾಲ್ಕನೆಯ ಕಾಳು ಮೂರು ತುಂಡಾಯಿತು, ನಡುವೆ ಬಿಳಿ ಚುಕ್ಕೆ ಉಳಿದಿತ್ತು.

"ಬಸೀರಿ! ಈಗಿಂದೀಗ ಬಸೀರಿ!"

ಅವನ ಕೂಗಿಗೆ ಕಟ್ಟಿದ ಎಮ್ಮೆ ಎದ್ದು ನಿಂತಿತು. ಚಂದಮ್ಮ ಬಿದಿರಿನ ಬುಟ್ಟಿಗೆ ಸುರಿದಳು. ಬೇಯದ ಅನ್ನವನ್ನು ಬಸಿದದ್ದು ಅವಳ ಜನ್ಮದಲ್ಲೇ ಮೊದಲು.

ಕಲಾಯಿ ಹಾಕಿದ ತಾಮ್ರದ ಪಾತ್ರೆಯ ತಳಕ್ಕೆ ತುಪ್ಪ. ಮೇಲೆ ಅರ್ಧ ಪಲ್ಲೆ, ಅಂಚಿನ ತನಕ ಸಮ ಹರಡಿ. ಅದರ ಮೇಲೆ ಅರ್ಧ ಅಕ್ಕಿ, ಒತ್ತದೆ, ಉದುರಿಸಿ. ಮತ್ತೆ ಪಲ್ಲೆ, ಮತ್ತೆ ಅಕ್ಕಿ. ನಡುನಡುವೆ ಪುದೀನ, ಕರಿದ ಉಳ್ಳಾಗಡ್ಡಿ. ಕೊನೆಗೆ ಕೇಸರಿ ನೆನೆಸಿದ ಹಾಲು.

"ಕಲಸ್ಲೇನು?" ಚಂದಮ್ಮನ ಕೈ ತುರಿಸುತ್ತಿತ್ತು.

"ಕಲಸಿದ್ರ ನಾ ಇಲ್ಲೇ ಸಾಯ್ತೀನ್ರಿ. ತಳದ ಉಗಿ ಮಸಾಲಿ ವಾಸನಿ ಹೊತ್ತು ಮ್ಯಾಲೆ ಹೋಗ್ತದ. ಅದರ ಕೆಲಸ ಅದಕ್ಕ ಬಿಡ್ರಿ."

ಚಂದಮ್ಮ ಮುಚ್ಚಳದ ಸುತ್ತ ಗೋಧಿ ಕಣಕ ಮೆತ್ತಿದಳು. ಕೆಳಗೆ ಸಣ್ಣ ಉರಿ, ಮೇಲೆ ಕೆಂಡ. ಚಂದಮ್ಮ ಎಲೆ ಹಾಕಿಸಲು ಪಡಸಾಲೆಗೆ ಹೋದಳು. ಬುರ್ಹಾನುದ್ದೀನ್ ಬೀಡಿ ಹಚ್ಚಿದ.

ಆಗ ಗೌಡರು ಬಂದರು. ಪಾತ್ರೆಗೆ ಕಿವಿಯಿಟ್ಟರು. ಕುದಿಯುವ ಸಪ್ಪಳವಿಲ್ಲ. ನೀರಿಲ್ಲದೆ ಅನ್ನ ಹತ್ತುತ್ತದೆ, ಸಾಹೇಬರ ಎದುರು ಮರ್ಯಾದೆ ಹೋಗುತ್ತದೆ ಎಂದು ಅವರಿಗೆ ಬೆವರೊಡೆಯಿತು. ಕೆಂಡ ಸರಿಸಿ, ಕಣಕ ಒಡೆದು ಮುಚ್ಚಳ ಎತ್ತಿದರು. ಮೇಲೆ ಬೆಳ್ಳಗಿನ ಅಕ್ಕಿ! ಚಂಬಿನ ತುಂಬ ನೀರು ತಂದು ಸುರಿದೇಬಿಟ್ಟರು.

ಚೊಂಯ್ ಎಂಬ ಸದ್ದು ಗೋಡೆಯಾಚೆ ಕೇಳಿತು. ಬುರ್ಹಾನುದ್ದೀನನ ಬೀಡಿ ಬಾಯಿಂದ ಬಿತ್ತು. ಹೆದರಿಕೆ, ಮಡಿ, ಗೋಡೆ, ಯಾವುದೂ ನೆನಪಾಗಲಿಲ್ಲ. ಲುಂಗಿ ಎತ್ತಿಕಟ್ಟಿ ಹಾರಿಬಂದ.

"ಸಾಬ್ರ! ಮಡಿ, ಮಡಿ!" ಗೌಡರು ಚೀರಿದರು.

"ಮಡಿ ಆಮ್ಯಾಲೆ, ಮೊದಲ ಅಕ್ಕಿ!"

ಸೌಟಿನ ಹಿಡಿಯಿಂದ ತಳದ ತನಕ ಏಳೆಂಟು ತೂತು ಚುಚ್ಚಿ ಉಗಿಗೆ ದಾರಿ ಮಾಡಿದ. ಮುಚ್ಚಳ ಹಾಕದೆ ಬಿಟ್ಟು ಕೆಳಗೆ ಉರಿ ಏರಿಸಿದ. ನೀರು ಹಬೆಯಾಗಿ ಬುಸುಗುಟ್ಟಿ ಹೊರಬಂತು. ಚಂದಮ್ಮ ಓಡಿಬಂದು ಚಂಬು ನೋಡಿದಳು, ತಮ್ಮನ ಮುಖ ನೋಡಿದಳು, ಒಣ ಧೋತ್ರ ಮಡಚಿ ಕೊಟ್ಟಳು. ಅದನ್ನು ಪಾತ್ರೆಯ ಬಾಯಿಗೆ ಹೊದಿಸಿ, ಮುಚ್ಚಿ, ಉರಿಯುವ ಕಟ್ಟಿಗೆ ಹೊರಗೆಳೆದು ಬರೀ ಕೆಂಡದ ಮೇಲೆ ಬಿಟ್ಟ.

"ಉಳದ ನೀರು ಬಟ್ಟಿ ಕುಡೀತದ. ತಳಾ ಮೆತ್ತಗಾಗೇದ, ಅದಕ್ಕ ಅಲ್ಲಾನ ಗತಿ. ಮ್ಯಾಲಿನದು ಉಳೀತದ."

ಗೌಡರು ಬಾಯಿ ತೆರೆದರು.

"ಸುಮ್ನಿರು ತಮ್ಮಾ," ಅಂದಳು ಚಂದಮ್ಮ. "ಉಸುರು ಬಿಟ್ಟಿ ಅಂದ್ರ ಚಂಬಿನ ಕತಿ ಸಾಹೇಬರಿಗೆ ನಾನ ಹೇಳ್ತೀನಿ."

ಬಡಿಸುವಾಗ ಅವಳು ಚಪ್ಪಟೆ ಸೌಟನ್ನು ಪಾತ್ರೆಯ ಬದಿಯಿಂದ ಇಳಿಸಿ, ತಳ ಮುಟ್ಟಿಸದೆ ಪದರು ಸಮೇತ ಎತ್ತಿದಳು. ಸಾಹೇಬರ ಎಲೆಗೆ ಬಿದ್ದ ಅಕ್ಕಿ ಕಾಳುಕಾಳಾಗಿ ಚದುರಿತು. ಅವರು ಎರಡು ಸಲ ಹಾಕಿಸಿಕೊಂಡರು. ಗೌಡರ ಎಲೆಗೆ ತಳದ ಮುದ್ದೆ ಬಿತ್ತು.

"ಅದ್ಭುತ. ಯಾರ ಕೈಗುಣ ಇದು?" ಸಾಹೇಬರು ಕೇಳಿದರು.

"ನಮ್ಮ ಅಕ್ಕನದ್ರಿ. ನಮ್ಮ ಮನೆತನದ ವಿದ್ಯಾ" ಎಂದರು ಗೌಡರು.

"ಸುಳ್ಳು ಯಾಕ ಹೇಳ್ತಿ?" ಚಂದಮ್ಮ ಬಾಗಿಲಲ್ಲೇ ನಿಂತಳು. "ಗಾಜಿಪುರದ ಬುರ್ಹಾನುದ್ದೀನ್ ಸಾಬ್ರು ಹೇಳಿಕೊಟ್ಟಾರ್ರಿ. ಕಡೀಕ ಕೈನೂ ಹಚ್ಯಾರ."

ತುತ್ತು ಸಾಹೇಬರ ಬಾಯಿಯ ಹತ್ತಿರ ನಿಂತಿತು. ಗೌಡರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಎಲೆ ನೋಡಿದರು, ಪಾತ್ರೆ ನೋಡಿದರು. ಪಾತ್ರೆಯಲ್ಲಿ ಇನ್ನೂ ಇತ್ತು.

"ಮುಟ್ಟಿದ್ದು ಅನ್ನವನ್ನೋ, ಸೌಟನ್ನೋ?"

"ಸೌಟನ್ರಿ."

"ಸೌಟಿಗೆ ದೋಷವಿಲ್ಲ" ಎಂದು ಸಾಹೇಬರು ತೀರ್ಪು ಕೊಟ್ಟರು. ಯಾವ ಶಾಸ್ತ್ರದಲ್ಲಿದೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. "ಇನ್ನೊಂದಿಷ್ಟು ಬಡಿಸಿ."

ಚಂದಮ್ಮ ಮೇಲಿನ ಪದರಿನಿಂದಲೇ ಒಂದು ಎಲೆ ತುಂಬಿ ಬೇವಿನ ಮರದಡಿ ತಂದುಕೊಟ್ಟಳು. ಬುರ್ಹಾನುದ್ದೀನ್ ತಿಂದ. ರುಚಿಯಾಗಿತ್ತು. ಅದೇ ಅವನಿಗೆ ಬೇಜಾರು ತಂದದ್ದು. ಮನೆಗೆ ಹೋಗಿ ನಜ್ಮಾಗೆ, ಅದು ಬಿರಿಯಾನಿಯೇ ಅಲ್ಲ, ಪುಲಾವು ಎಂದು ಮೂರು ಸಲ ಹೇಳಿದ.

ಹದಿನೈದು ದಿನಕ್ಕೆ ಚಂದಮ್ಮ ತಾನೇ ಮೋಟಾರು ಹತ್ತಿ ಗಾಜಿಪುರಕ್ಕೆ ಬಂದಳು, ಸಿಟ್ಟು ಹೊತ್ತುಕೊಂಡು.

"ನೀವು ಹೇಳಿದಂಗ ಮಾಡೀನಿ. ಅಕ್ಕಿ ಅಂಟ್ಯಾವ. ಒಂದು ಕಡಿ ಖಾರ, ಒಂದು ಕಡಿ ಸಪ್ಪ."

"ಮುಚ್ಚಳ ಎಷ್ಟು ಸಲ ತಗದ್ರಿ?"

"ಮೂರು." ತಡೆದು ಅಂದಳು, "ಸ್ವಲ್ಪ ಕಲಸೀನಿ."

ಬುರ್ಹಾನುದ್ದೀನ್ ಹಣೆ ಚಚ್ಚಿಕೊಂಡ. ಗೌಡರ ಮನೆಯಾಕೆ ಒಳಗೆ ಬರಲಾರಳೆಂದು ನಜ್ಮಾ ನಗುತ್ತ ಹೊರಗೆ ಚಾಪೆ ಹಾಸಲು ಹೋದಳು. ಚಂದಮ್ಮ ಚಾಪೆಯ ಕಡೆ ನೋಡಲೂ ಇಲ್ಲ. ಸೆರಗು ಸಿಗಿಸಿ ನೆಟ್ಟಗೆ ಅವರ ಅಡಿಗೆಮನೆಗೆ ನಡೆದು, ಒಲೆಯ ಮುಂದೆ ಕೂತಳು.

"ಈ ಸಲ ನೀವು ಮಾಡ್ರಿ ಸಾಬ್ರ," ಅಂದಳು. "ನಾ ನೋಡ್ತೀನಿ."