ಇದರಲ್ಲಿ ನಿನ್ನದು ಯಾವುದು

"ಇದರಲ್ಲಿ ನಿನ್ನದು ಯಾವುದು?" ಅಂತ ಕೇಳಿದರು ರಸಾಯನಶಾಸ್ತ್ರದ ಮೇಡಂ. ಹೆಸರಿದ್ದ ತುದಿಯನ್ನು ಮಡಚಿ, ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟಿದ್ದರು.

ಪುಟ್ಟಿ ಬಗ್ಗಿ ನೋಡಿದಳು. ಒಂದೇ ಸಾಲಿನಲ್ಲಿ ಒಂದೇ ಪದಕ್ಕೆ ಕಾಟು. ಅಕ್ಷರಗಳ ಅದೇ ಉದ್ದ ಬಾಲ. ಎಷ್ಟು ನೋಡಿದರೂ ತನ್ನದು ಯಾವುದೆಂದು ಅವಳಿಗೆ ತಿಳಿಯಲಿಲ್ಲ.

"ಮುಂದಿನ ಸಲವೂ ಹೀಗಾದರೆ ಇಬ್ಬರಿಗೂ ಸೊನ್ನೆ" ಎಂದರು ಮೇಡಂ.

ಇನ್ನೊಂದು ಹಾಳೆ ಗೆಳತಿ ಗುಂಗುರುವಿನದು. ಗುಂಗುರು ಕೂದಲಿಗೆ ಬಿದ್ದ ಹೆಸರು. ಆದರೆ ಆ ಕೂದಲನ್ನು ಈಗೀಗ ನೇರ ಮಾಡಿಸಿಕೊಂಡು, ಪುಟ್ಟಿಯ ಹಾಗೇ ಒಂಟಿ ಜಡೆ ಹಾಕುತ್ತಿದ್ದಳು. ಕಾಲೇಜು ಶುರುವಾದಾಗಿನಿಂದ ಪುಟ್ಟಿ ಅವಳಿಗೆ ನೋಟ್ಸು, ಉತ್ತರ ಎಲ್ಲದರ ಫೋಟೊ ಕಳಿಸುತ್ತಲೇ ಬಂದಿದ್ದಳು. ಹೋದ ವಾರ ಫೋನೆತ್ತಿದ ಪುಟ್ಟಿಯ ಅಕ್ಕ ಗುಂಗುರುವಿನ ದನಿ ಕೇಳಿ, "ಎಲ್ಲಿದೀಯೇ ಪುಟ್ಟಿ?" ಅಂದುಬಿಟ್ಟಿದ್ದಳು.

ಸಂಜೆ ಪುಟ್ಟಿಯ ಫೋನು ಮಿನುಗಿತು. ಗುಂಗುರುವಿನ ಸಂದೇಶ: "ಈ ಸಲದ್ದೂ ಕಳಿಸ್ತೀಯಾ?"

'ತಲೆನೋವು, ಇನ್ನೂ ಬರೆದಿಲ್ಲ' ಅಂತ ಒತ್ತಿದಳು ಪುಟ್ಟಿ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅಕ್ಕ ಇಣುಕಿ ನೋಡಿದಳು.

"ಸುಳ್ಳು ಯಾಕೆ? ನಾಳೆ ತಲೆನೋವು ಹೋಯ್ತಾ ಅಂತ ಕೇಳ್ತಾಳೆ, ಆಗೇನ್ಮಾಡ್ತೀಯ?"

ಅಳಿಸಿ, ಕ್ಷಮಿಸು ಕ್ಷಮಿಸು ಅಂತ ಉದ್ದಕ್ಕೆ ಬರೆದಳು.

"ನೀನೇನು ಕೊಲೆ ಮಾಡಿದೀಯಾ? ಆಗಲ್ಲ ಅನ್ನೋದನ್ನ ಮೊದಲೇ ಹೇಳು. ಆಮೇಲೆ ನಿನ್ನಿಂದ ಏನಾಗುತ್ತೋ ಅದನ್ನ ಹೇಳು. ಅಷ್ಟೇ ಸಾಕು."

ಕೊನೆಗೆ ಹೋದದ್ದು ಇಷ್ಟು: "ಉತ್ತರ ಕಳಿಸೋಕಾಗಲ್ಲ ಕಣೇ, ಇದು ಅವರವರೇ ಬರೀಬೇಕಾದ್ದು. ಎಲ್ಲಿ ಅರ್ಥ ಆಗ್ಲಿಲ್ಲ ಹೇಳು, ನಾಳೆ ಊಟದ ಬಿಡುವಲ್ಲಿ ಲೈಬ್ರರೀಲಿ ಕೂತು ನೋಡೋಣ."

ಗುಂಗುರು ಓದಿದ್ದು ಗೊತ್ತಾಯಿತು. ಏನೋ ಬರೆಯುತ್ತಿರುವ ಗುರುತು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಅಕ್ಕ ಬಟ್ಟೆಯನ್ನೆಲ್ಲ ಒಳಗಿಟ್ಟು ಬಂದಮೇಲೆ ಉತ್ತರ ಬಂತು. "ಸರಿ ಕಣೇ. ಆದ್ರೆ ನಂಗೆ ಹೇಗೆ ಬರೆಯೋದು ಅಂತಾನೇ ಗೊತ್ತಿಲ್ಲ."

ಮಾರನೆಯ ದಿನ ಲೈಬ್ರರಿಯ ಕಿಟಕಿ ಪಕ್ಕ ಇಬ್ಬರೂ ಎದುರುಬದುರು ಕೂತರು. ಪುಟ್ಟಿ ತನ್ನ ಪುಸ್ತಕ ತೆರೆಯಲಿಲ್ಲ, ಪ್ರಶ್ನೆಯನ್ನಷ್ಟೇ ಓದಿದಳು.

"ಆಮ್ಲಕ್ಕೆ ಕ್ಷಾರ ಹಾಕ್ತಾ ಹೋದ್ರೆ ಏನಾಗುತ್ತೆ? ನಿನಗೆ ಅನ್ನಿಸಿದ್ದು ಹೇಳು."

ಗುಂಗುರು ಬಲಗೈಯಲ್ಲಿ ಪೆನ್ನು ಹಿಡಿದು, ಖಾಲಿ ಹಾಳೆಯ ಮೇಲೆ ಊರಿದಳು. ಕೈ ಕದಲಲಿಲ್ಲ. ಅವಳ ಕಣ್ಣು ಪುಟ್ಟಿಯ ಬೆರಳುಗಳನ್ನೇ ನೋಡುತ್ತಿತ್ತು, ಅವು ಮೊದಲು ಅಲುಗಲಿ ಎಂಬಂತೆ. ಪುಟ್ಟಿ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡಳು.

ಬಹಳ ಹೊತ್ತಿನ ಮೇಲೆ ಗುಂಗುರು ಪೆನ್ನನ್ನು ಮೆಲ್ಲಗೆ ಎಡಗೈಗೆ ದಾಟಿಸಿದಳು.

"ನೀನು ಎಡಚಿಯಾ?" ಪುಟ್ಟಿಯ ದನಿ ತಗ್ಗಿತು.

"ಹೂಂ" ಎಂದಳು ಗುಂಗುರು, ಬೇರೆ ಯಾರದೋ ಸುದ್ದಿ ಹೇಳುವಂತೆ. "ಮರೆತೇ ಹೋಗಿತ್ತು."

ಹಾಳೆಯ ಮೇಲೆ ಒಂದು ಅಕ್ಷರ ಮೂಡಿತು. ದಪ್ಪಗೆ, ಸೊಟ್ಟಗೆ, ಹಿಂದಕ್ಕೆ ವಾಲಿಕೊಂಡು. ಅದರ ಪಕ್ಕ ಇನ್ನೊಂದು. ಹಸಿ ಶಾಯಿಯ ಮೇಲೆ ಅವಳ ಅಂಗೈ ಒರೆಸಿಕೊಂಡು ಹೋದಲ್ಲೆಲ್ಲ ನೀಲಿ ಹರಡುತ್ತಿತ್ತು.