ಮೈನಸ್ ಒಂದು

ಶಹಾಬಾದ್ ರಸ್ತೆಯ ಆ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಲ್ಯಾಬ್‌ಗೆ ಒಂದು ರೆಕಾರ್ಡ್ ಇತ್ತು. ಯಾರು ಬರೆದರೋ ಯಾರಿಗೂ ತಿಳಿಯದು. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಈ ವರ್ಷದವರು ಬರೆಯುವುದು, ಅದಕ್ಕೆ ಸೂರ್ಯಕಾಂತ ಸರ್ ಕೆಂಪು ಶಾಯಿಯಲ್ಲಿ ಸಹಿ ಹಾಕುವುದು. ಇದೇ ಅಲ್ಲಿನ ವಿದ್ಯಾಭ್ಯಾಸ.

ಸೂರ್ಯಕಾಂತ ಅತಿಥಿ ಉಪನ್ಯಾಸಕ. ಆರು ವರ್ಷದಿಂದ ಅತಿಥಿಯಾಗಿಯೇ ಉಳಿದಿದ್ದ. ದಿನಾ ಚಿತ್ತಾಪುರದಿಂದ ವಾಡಿಗೆ ರೈಲು, ಅಲ್ಲಿಂದ ಆಟೊ. ಪ್ರತಿ ಬೇಸಿಗೆಯಲ್ಲಿ ವಿಭಾಗದ ಮುಖ್ಯಸ್ಥ ಬಸವಂತರಾಯರು ಇವನ ಹೆಸರನ್ನು ಪಟ್ಟಿಗೆ ಸೇರಿಸಬೇಕು. ಸೇರಿಸದಿದ್ದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಜಗಳವಾಡದೆ ಬದುಕುವುದನ್ನು ಅವನು ಚೆನ್ನಾಗಿ ಕಲಿತಿದ್ದ. ವಿದ್ಯಾರ್ಥಿಗಳೆಲ್ಲ ಸರ್ವರ್‌ಗೆ ಒಂದೇ ಲಾಗಿನ್‌ನಿಂದ ಹೋಗುತ್ತಿದ್ದರು. ತಲೆಗೊಂದು ಲಾಗಿನ್ ಮಾಡುತ್ತೇನೆ ಎಂದು ಮೊದಲ ವರ್ಷ ಕೇಳಿದ್ದ. "ಯಾಕ್ರಿ ಇಲ್ಲದ ಉಸಾಬರಿ?" ಎಂದಿದ್ದರು ಬಸವಂತರಾಯರು. ಮತ್ತೆ ಕೇಳಲಿಲ್ಲ. ಒಬ್ಬ ಹುಡುಗನ ಪ್ರೋಗ್ರಾಂ ಹುಚ್ಚು ಹಿಡಿದಂತೆ ಮರಿ ಹಾಕಿ ಸರ್ವರನ್ನೇ ಕೆಡವಿದ ಮೇಲೆ, ಆ ಲಾಗಿನ್ನಿಗೆ ಒಮ್ಮೆಗೆ ಒಟ್ಟು ಇನ್ನೂರು ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ಅದಕ್ಕೆ ಮೀರಿ ಹೊಸದು ಹುಟ್ಟದು ಎಂದು ಮಿತಿ ಹಾಕಿದ್ದ, ಅಷ್ಟೆ.

ಆ ವರ್ಷದ ಇಪ್ಪತ್ನಾಲ್ಕು ಜನರಲ್ಲಿ ರೆಕಾರ್ಡನ್ನು ಓದಿ ಬರೆದವಳು ಲುಂಬಿನಿ ಒಬ್ಬಳೇ. ಅವಳ ತಾಯಿ ಲಾಲಮ್ಮ ಪರ್ಷಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿದು ದುಡಿದು ಎದೆ ತುಂಬ ಧೂಳು ತುಂಬಿಸಿಕೊಂಡಿದ್ದಳು. ಕೆಮ್ಮಿದರೆ ನಿಲ್ಲುತ್ತಿರಲಿಲ್ಲ. ಕಲಬುರಗಿಯ ಆಸ್ಪತ್ರೆಯೊಂದರ ಸರ್ವರ್ ಕೋಣೆಯಲ್ಲಿ ಲುಂಬಿನಿಗೆ ಕೆಲಸ ಗೊತ್ತಾಗಿತ್ತು. ಜೂನ್‌ಗೆ ಸೇರಬೇಕು, ಅಷ್ಟರೊಳಗೆ ಎಲ್ಲ ವಿಷಯ ಪಾಸಾಗಿರಬೇಕು. ಉಳಿದಿದ್ದು ಈ ಲ್ಯಾಬ್ ಪರೀಕ್ಷೆ ಒಂದೇ.

ಪರೀಕ್ಷೆಯಲ್ಲಿ ಬರುವುದು ಚಿಕ್ಕ ಶೆಲ್, ಅಂದರೆ ಕೊಟ್ಟ ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಂ. ಆಜ್ಞೆ ಓದಬೇಕು, ಫೋರ್ಕ್ ಮಾಡಿ ತನ್ನದೇ ಪಡಿಯಚ್ಚಾದ ಮಗುವನ್ನು ಹುಟ್ಟಿಸಬೇಕು, ಆ ಮಗು ಎಕ್ಸೆಕ್ ಮಾಡಿ ತನ್ನ ಹಳೇ ಪ್ರೋಗ್ರಾಂ ಬಿಟ್ಟು ಹೊಸದಾಗಬೇಕು, ಅದು ಮುಗಿಯುವ ತನಕ ತಾಯಿಯಾದ ಶೆಲ್ ವೇಟ್ ಮಾಡಬೇಕು. ಇಷ್ಟು ಎಲ್ಲರಿಗೂ ಬರುತ್ತಿತ್ತು. ಕೈಕೊಡುತ್ತಿದ್ದುದು ಒಂದು ಆಜ್ಞೆ ಬರೆದದ್ದನ್ನು ಇನ್ನೊಂದಕ್ಕೆ ಓದಿಸುವ ಪೈಪು. ಎರಡು ಆಜ್ಞೆ ಜೋಡಿಸಿದರೆ ರೆಕಾರ್ಡಿನ ಶೆಲ್ ಕೂತಲ್ಲೇ ಕೂರುತ್ತಿತ್ತು.

"ಯಾಕಂತ ಗೊತ್ತಾತೇನ್ರಿ ಸರ್?" ಎಂದು ಲುಂಬಿನಿ ಒಂದು ದಿನ ಓಡಿ ಬಂದಿದ್ದಳು. "ಪೈಪಿನ ಬರೆಯೋ ಬಾಯಿ ತಾಯಿ ಕೈಯಾಗೂ ಒಂದು ಉಳಿದದ. ಆಕಿ ಅದನ್ನ ಮುಚ್ಚಂಗಿಲ್ಲ. ಅದು ತೆರೆದಿರೋ ತನಕ ಇನ್ನೂ ಏನರೆ ಬರ್ತದಂತ ಓದೋದು ಕಾಯ್ಕೋತ ಕುಂದ್ರತದ. ಅದು ಮುಗಿಲಂತ ಆಕಿ ಕಾಯ್ತಾಳ. ಇಬ್ಬರೂ ಕಾಯೋದೇ!"

ಅದು ಸೂರ್ಯಕಾಂತನಿಗೆ ಆರು ವರ್ಷದಿಂದ ಗೊತ್ತಿತ್ತು. ತಿದ್ದಿದರೆ ಇಷ್ಟು ವರ್ಷ ತಪ್ಪಿಗೇ ಸಹಿ ಹಾಕಿದೆನೆಂದು ಒಪ್ಪಿಕೊಂಡಂತೆ. ಅದಕ್ಕೆ ಅವನು ಬೇರೆ ಉಪಾಯ ಹೇಳಿಕೊಟ್ಟಿದ್ದ: ಶೆಲ್ ನಿಂತರೆ ಕಂಟ್ರೋಲ್ ಝಡ್ ಒತ್ತಿ, ಮತ್ತೆ ಶುರು ಮಾಡಿ. ಝಡ್ ಒತ್ತಿದರೆ ಪ್ರೋಸೆಸ್ ಸಾಯುವುದಿಲ್ಲ, ಮೂಲೆಯಲ್ಲಿ ಸುಮ್ಮನೆ ನಿಲ್ಲುತ್ತದೆ, ಲೆಕ್ಕದಲ್ಲಿ ಇದ್ದೇ ಇರುತ್ತದೆ. ಪರದೆ ಖಾಲಿ ಕಂಡಿತಲ್ಲ, ಹುಡುಗರಿಗೆ ಅಷ್ಟೇ ಸಾಕಿತ್ತು.

ಲುಂಬಿನಿ ರಫ್ ಪುಸ್ತಕದಲ್ಲಿ ಬೇರೆಯಾಗಿ ಬರೆದ ತನ್ನ ಶೆಲ್‌ನಲ್ಲಿ ಪೈಪಿನ ಬಾಯಿಗಳನ್ನೆಲ್ಲ ಸರಿಯಾಗಿ ಮುಚ್ಚಿದ್ದಳು. ಅಷ್ಟಕ್ಕೇ ನಿಲ್ಲದೆ, ಮಗು ಐದು ಸೆಕೆಂಡಿನಲ್ಲಿ ಮುಗಿಸದಿದ್ದರೆ ಅದರ ನಂಬರು ಕೊಟ್ಟು ಅದನ್ನು ಕೊಲ್ಲುವ ಕಿಲ್ ಸಾಲನ್ನೂ ಸೇರಿಸಿದ್ದಳು. ಫೋರ್ಕ್ ವಿಫಲವಾದರೆ ಅದು ಮಗುವಿನ ನಂಬರಿನ ಬದಲು ಮೈನಸ್ ಒಂದು ಕೊಡುತ್ತದೆ; ಅದನ್ನು ಪರೀಕ್ಷಿಸಿ ಅಲ್ಲೇ ನಿಲ್ಲಿಸುವ ಸಾಲೂ ಇತ್ತು. ಪರೀಕ್ಷೆಗೆ ವಾರವಿದ್ದಾಗ ಸೂರ್ಯಕಾಂತ ಆ ಸಾಲನ್ನು ನೋಡಿದ.

"ಇದು ರೆಕಾರ್ಡ್‌ನಾಗ ಇಲ್ಲಲ್ಲವ್ವ. ಹೊರಗಿನ ಪರೀಕ್ಷಕರು ಸಾಲಿಗೆ ಸಾಲು ನೋಡ್ತಾರ. ಹೆಚ್ಚಿಗಿ ಇದ್ದಷ್ಟು ಹೆಚ್ಚಿಗಿ ಪ್ರಶ್ನಿ. ಇದೊಂದು ತೆಗದುಬಿಡು."

"ಫೋರ್ಕ್ ಆಗಲಿಲ್ಲಂದ್ರ ಸರ್?"

"ಆರು ವರ್ಷ ಆತು, ಆಗದೆ ಇದ್ದದ್ದು ನೋಡೇ ಇಲ್ಲ ನಾ."

ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದುಹಾಕಿದ. ಕೆಳಗೆ ಕಿಲ್ ಕಣ್ಣಿಗೆ ಬಿತ್ತು. ಕಿಲ್‌ಗೆ ಮೈನಸ್ ಒಂದು ಕೊಟ್ಟರೆ ಆ ಲಾಗಿನ್ನಿನ ಎಲ್ಲ ಪ್ರೋಸೆಸ್‌ಗಳಿಗೂ ಗುಂಡು ಬೀಳುತ್ತದೆ ಎಂಬುದು ಒಂದು ಕ್ಷಣ ನೆನಪಾಯಿತು ಕೂಡ. ಐದೂವರೆಯ ರೈಲಿಗೆ ಹೊತ್ತಾಗಿತ್ತು. ಪುಸ್ತಕ ಮರಳಿಸಿ ಎದ್ದ.

ಪರೀಕ್ಷೆಯ ದಿನ ಹನ್ನೊಂದರ ಹೊತ್ತಿಗೆ ಎಲ್ಲರೂ ಪೈಪಿಗೆ ಬಂದಿದ್ದರು. ರೆಕಾರ್ಡ್ ಬರೆದವರ ಶೆಲ್ ಒಂದೊಂದಾಗಿ ನಿಂತಿತು. ಝಡ್ ಒತ್ತಿದರು, ಮತ್ತೆ ಓಡಿಸಿದರು, ಮತ್ತೆ ಒತ್ತಿದರು. ಒಬ್ಬೊಬ್ಬರ ಹಿಂದೆ ಆರೇಳು ಪ್ರೋಸೆಸ್ ಕಾಣದೆ ನಿಂತವು. ಹೊರಗಿನ ಪರೀಕ್ಷಕರು ಲುಂಬಿನಿಯ ಹತ್ತಿರ ಬಂದು, "ಎಲ್ಲಿ, ಓಡಿಸವ್ವ ನೋಡೋಣ" ಎಂದರು.

ಅವಳು ತನ್ನ ಶೆಲ್‌ಗೆ, ಫೈಲುಗಳ ಪಟ್ಟಿ ತೋರಿಸಲು, ಎಲ್‌ಎಸ್ ಎಂದು ಕೊಟ್ಟಳು. ಏನೂ ಬರಲಿಲ್ಲ. ಒಂದು, ಎರಡು, ಮೂರು. ದೂರದ ಕಂಬದ ಹತ್ತಿರ ನಿಂತಿದ್ದ ಸೂರ್ಯಕಾಂತನಿಗೆ ಅವಳ ಖಾಲಿ ಪರದೆ ಕಂಡಿತು. ಇನ್ನೂರು ತುಂಬಿತು ಎಂದು ಹೊಳೆಯುವಷ್ಟರಲ್ಲಿ ಐದು ಸೆಕೆಂಡ್ ಆಗಿಹೋಯಿತು.

ಪರದೆಗಳ ಮೇಲಿನ ಇಪ್ಪತ್ನಾಲ್ಕು ಕಿಟಕಿಗಳೂ ಒಟ್ಟಿಗೆ ಮುಚ್ಚಿದವು. ಉಳಿಸದೆ ಬರೆಯುತ್ತಿದ್ದವರ ಕೆಲಸವೆಲ್ಲ ಹೋಯಿತು. ಯಾರೋ ಅತ್ತರು. ಸೂರ್ಯಕಾಂತ ಆಡಳಿತದ ಲಾಗಿನ್‌ನಿಂದ ಸರ್ವರ್ ಒಳಹೊಕ್ಕು ನೋಡಿದ. ವಿದ್ಯಾರ್ಥಿಗಳ ಹೆಸರಿನಲ್ಲಿ ಒಂದೂ ಪ್ರೋಸೆಸ್ ಇರಲಿಲ್ಲ. ನಿಂತಿದ್ದವುಗಳೂ ಸತ್ತಿದ್ದವು. ಮಿತಿ ಯಾರಿಂದ ತುಂಬಿತು ಎನ್ನುವುದಕ್ಕೆ ಸಾಕ್ಷಿಯೇ ಉಳಿದಿರಲಿಲ್ಲ.

ಬಸವಂತರಾಯರ ಕೋಣೆಯಲ್ಲಿ ಪರೀಕ್ಷಕರು ಲುಂಬಿನಿಯ ಉತ್ತರ ಪತ್ರಿಕೆಯ ಮೇಲೆ ಬೆರಳಿಟ್ಟಿದ್ದರು. "ರೆಕಾರ್ಡ್‌ನಾಗ ಕಿಲ್ ಎಲ್ಲದ ತೋರಿಸ್ರಿ. ಈಕಿ ಬೇಕಂತಲೇ ಮಾಡ್ಯಾಳ."

"ಹಂಗಲ್ರಿ," ಎಂದ ಸೂರ್ಯಕಾಂತ. "ಅಲ್ಲಿ ಒಂದು ಮಿತಿ..."

"ಮಿತಿ ಹಾಕಿದವರು ಯಾರು?" ಬಸವಂತರಾಯರು ತಲೆಯೆತ್ತಿದರು. ಕೇಳಿದ್ದು ಮೆಲ್ಲಗೇ. "ಹೊಸ ಪಟ್ಟಿ ಸೋಮವಾರ ಹೋಗ್ತದ ಸೂರ್ಯಕಾಂತ. ಸುಮ್ನ ನೀವು ಕಂಡಷ್ಟು ಬರಕೊಡ್ರಿ."

ಕಂಡಷ್ಟೇ ಬರೆದ: 'ವಿದ್ಯಾರ್ಥಿನಿಯು ರೆಕಾರ್ಡ್‌ನಲ್ಲಿಲ್ಲದ ಕಿಲ್ ಆಜ್ಞೆಯನ್ನು ಬಳಸಿದ್ದರಿಂದ ಎಲ್ಲರ ಕೆಲಸ ನಾಶವಾಗಿದೆ.' ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಇಷ್ಟು ಸಲೀಸು. ಇಪ್ಪತ್ಮೂರು ಜನರಿಗೆ ಮಧ್ಯಾಹ್ನ ಮರುಪರೀಕ್ಷೆಯಾಯಿತು. ಲುಂಬಿನಿಯ ಪರೀಕ್ಷೆ ರದ್ದಾಯಿತು. ಇನ್ನು ಮುಂದಿನ ವರ್ಷವೇ.

ಅವಳು ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತು ಮುಖ ಬಾತಿತ್ತು. ಮೊಣಕಾಲ ಮೇಲೆ ರಫ್ ಪುಸ್ತಕ ತೆರೆದಿತ್ತು. ಸೂರ್ಯಕಾಂತ ಬಗ್ಗಿಸಿದ ತಲೆ ಎತ್ತದೆ ದಾಟಿಹೋಗಲು ನೋಡಿದ, ಆಗಲಿಲ್ಲ.

"ಸರ್, ಫೋರ್ಕ್ ಆಗಿಲ್ಲ. ಮೈನಸ್ ಒಂದು ಬಂದದ. ಅದನ್ನೇ ನಾ ಕಿಲ್‌ಗೆ ಕೊಟ್ಟೀನಿ. ಹೌದಿಲ್ರಿ?"

"ಹೌದು."

"ಕಿಲ್‌ಗೆ ಮೈನಸ್ ಒಂದು ಕೊಟ್ರ ಎಲ್ಲಾ ಸಾಯ್ತಾವಂತ ನಿಮಗ ಗೊತ್ತಿತ್ತೇನ್ರಿ?"

ಅಂಗಳದಲ್ಲಿ ಪಾಸಾಗುವ ಹುಡುಗರು ಗದ್ದಲ ಮಾಡುತ್ತಿದ್ದರು. ಸೂರ್ಯಕಾಂತ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಇಲ್ಲವ್ವ," ಎಂದ.

ಲುಂಬಿನಿ ಅವನ ಮುಖ ನೋಡಿ ಪುಸ್ತಕ ಮುಚ್ಚಿದಳು.

"ನನಗೂ ಗೊತ್ತಿರಲಿಲ್ರಿ. ನಿಮಗ ಗೊತ್ತಿದ್ರ ಆ ಸಾಲು ತೆಗಿ ಅಂತಿದ್ದಿಲ್ಲ ಬಿಡ್ರಿ. ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ ಸರ್."